ಪರಿಷೆಯಲ್ಲಿ ಅಕ್ಕ, ತಮ್ಮ ಮತ್ತು ಖಾಲಿ ಪೊಟ್ಟಣ

ಅಕ್ಕ: "ಅರ್ಧ ಸೇರು ಕಡಲೆಕಾಯಿ ನಿನ್ನ ಕೈಗೆ ಕೊಟ್ಟು ಬಳೆ ನೋಡಿ ಬರುವಷ್ಟರಲ್ಲಿ ಪೊಟ್ಟಣ ಖಾಲಿಯಾಗಿದೆಯಲ್ಲೋ, ತಿಂದದ್ದು ಯಾರು?"
ತಮ್ಮ: "ಬಸವಣ್ಣ ಬಂದು ತಿಂದು ಹೋದ ಅಕ್ಕಾ, ನಾನು ಬರೀ ಸಿಪ್ಪೆ ಸುಲಿದುಕೊಟ್ಟೆ ಅಷ್ಟೇ."

ಈ ಚಿತ್ರವನ್ನು ಬಸವನಗುಡಿಯಲ್ಲಿ, ಕಾರ್ತಿಕ ಮಾಸದ ಕೊನೆಯ ಸೋಮವಾರ, ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆಯಲ್ಲಿ ನಾನೇ ತೆಗೆದೆ. ಎಡಗಡೆ ಹಸಿರು ಜರಿ ಲಂಗ ಉಟ್ಟು, ಮೊಳಕೈವರೆಗೆ ಬಳೆ ಏರಿಸಿಕೊಂಡು, ಖಾಲಿ ಪೊಟ್ಟಣವನ್ನು ತಲೆಕೆಳಗಾಗಿ ಹಿಡಿದು ನಿಂತಿರುವವಳು ನನ್ನ ಅಕ್ಕನ ದೊಡ್ಡ ಮಗಳು, ಅವಳಿಗೆ ಹನ್ನೊಂದು ವರ್ಷ. ಬಲಗಡೆ, ಎರಡೂ ಕೆನ್ನೆಗಳನ್ನು ಉಬ್ಬಿಸಿಕೊಂಡು, ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡು, ಅಕ್ಕನ ಮುಖ ಬಿಟ್ಟು ಉಳಿದೆಲ್ಲ ಕಡೆ ನೋಡುತ್ತಿರುವವನು ಅವಳ ತಮ್ಮ, ಅವನಿಗೆ ಏಳು. ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿದರೆ ಅವನ ಅಂಗಿಯ ಎದೆಯ ಮೇಲೆ ಮೂರು ಸಿಪ್ಪೆಗಳೂ ಗಲ್ಲದ ಮೇಲೆ ಒಂದು ಕೆಂಪು ಹೊಟ್ಟೂ ಅಂಟಿಕೊಂಡಿರುವುದು ಕಾಣುತ್ತದೆ. ಅಕ್ಕನ ಪ್ರಶ್ನೆಗೆ ಬೇರೆ ಸಾಕ್ಷಿ ಬೇಕಾಗಿಯೇ ಇಲ್ಲ.

ಮೊದಲ ಸಾಲನ್ನು ಅವಳು ನಿಜವಾಗಿಯೂ ಹೆಚ್ಚುಕಡಿಮೆ ಹಾಗೆಯೇ ಹೇಳಿದಳು. ಎರಡನೆಯ ಸಾಲನ್ನು ಆ ಕ್ಷಣದಲ್ಲಿ ಅವನು ಹೇಳಲಾಗಲಿಲ್ಲ, ಏಕೆಂದರೆ ಬಾಯಿ ತುಂಬಿತ್ತು. ಅವನು ಗುಡಿಯ ಗೋಪುರದ ಕಡೆಗೆ ಗಲ್ಲ ಎತ್ತಿ ತೋರಿಸಿದ, ಅಷ್ಟೇ. ಆ ಒಂದು ಸನ್ನೆಯ ಅರ್ಥ ನಮ್ಮ ಮನೆಯವರೆಲ್ಲರಿಗೂ ತಕ್ಷಣ ಹೊಳೆಯಿತು. ಹಿಂದಿನ ರಾತ್ರಿ ಅಜ್ಜಿ ಇಬ್ಬರನ್ನೂ ಪಕ್ಕದಲ್ಲಿ ಮಲಗಿಸಿಕೊಂಡು ಪರಿಷೆಯ ಕಥೆ ಹೇಳಿದ್ದರು.

ದೂರದ ಊರಿನಲ್ಲಿರುವ ನೆಂಟರಿಗಾಗಿ ಆ ಕಥೆಯನ್ನು ಇಲ್ಲಿ ಬರೆಯುತ್ತೇನೆ, ಅದಿಲ್ಲದೆ ತಮ್ಮನ ಉತ್ತರದ ಜಾಣತನ ಪೂರ್ತಿ ತಿಳಿಯುವುದಿಲ್ಲ. ಈಗಿನ ಬಸವನಗುಡಿಯ ಸುತ್ತಮುತ್ತ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳೆಂಬ ಹಳ್ಳಿಗಳಿದ್ದ ಕಾಲದಲ್ಲಿ ಅಲ್ಲಿನ ರೈತರು ಕಡಲೆಕಾಯಿ ಬೆಳೆಯುತ್ತಿದ್ದರಂತೆ. ಬೆಳೆ ಕೈಗೆ ಬರುವ ಹೊತ್ತಿಗೆ ಪ್ರತಿ ಹುಣ್ಣಿಮೆಯ ರಾತ್ರಿ ಯಾರೋ ಹೊಲಕ್ಕೆ ನುಗ್ಗಿ ತಿಂದು ಹೋಗುತ್ತಿದ್ದರಂತೆ. ಕಾವಲು ಕೂತವರಿಗೆ ಒಂದು ರಾತ್ರಿ ಬಸವ ಕಣ್ಣಿಗೆ ಬಿತ್ತು. ಅವರು ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಹೋದಾಗ ಅದು ಗುಡ್ಡ ಹತ್ತಿ ಕಲ್ಲಾಯಿತು. ಬಂದಿದ್ದದ್ದು ಶಿವನ ನಂದಿಯೆಂದು ತಿಳಿದು ಅವರು ಪಶ್ಚಾತ್ತಾಪಪಟ್ಟು, ಇನ್ನು ಮುಂದೆ ಮೊದಲ ಬೆಳೆ ನಿನಗೇ ಎಂದು ಹರಕೆ ಹೊತ್ತರು. ಪರಿಷೆ ಹುಟ್ಟಿದ್ದು ಹೀಗೆ ಎಂಬುದು ಜನರ ನಂಬಿಕೆ. ಗುಡಿಯನ್ನು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಹೇಳುತ್ತಾರೆ. ಒಳಗಿರುವ ಏಕಶಿಲೆಯ ಬಸವ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಅಷ್ಟು ದೊಡ್ಡ ದೇಹಕ್ಕೆ ಅರ್ಧ ಸೇರು ಯಾವ ಲೆಕ್ಕ ಎಂಬುದು ನಮ್ಮ ಹುಡುಗನ ವಾದದ ಇನ್ನೊಂದು ಬಲವಾದ ಅಂಶ.

ಕಥೆ ಮುಗಿದ ಮೇಲೆ ಅವನು ಅಜ್ಜಿಯನ್ನು ಕೇಳಿದ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು: "ಬಸವಣ್ಣನಿಗೆ ಹಸಿವಾಗಿತ್ತು ತಾನೇ, ಮತ್ತೆ ದೊಣ್ಣೆ ಯಾಕೆ ತಗೊಂಡರು?" ಅಜ್ಜಿ ಅವನ ತಲೆ ಸವರಿ, "ಅದಕ್ಕೇ ಕಂದ ಈಗ ನಾವೇ ತಗೊಂಡು ಹೋಗಿ ಕೊಡೋದು" ಎಂದರು. ಅಕ್ಕ ಮಾತ್ರ ಹೊದಿಕೆಯ ಒಳಗಿನಿಂದಲೇ, ಬೆಳೆದವರನ್ನು ಕೇಳದೆ ತಿನ್ನುವುದು ತಪ್ಪು ಎಂದು ತೀರ್ಪು ಕೊಟ್ಟಳು. ಮರುದಿನ ರಸ್ತೆಯ ನಡುವೆ ನಡೆದ ಜಗಳದ ಬೀಜ ಆ ರಾತ್ರಿಯೇ ಬಿತ್ತಾಗಿತ್ತು ಎಂದು ಈಗ ನನಗೆ ಅನಿಸುತ್ತದೆ. ಅವಳು ರೈತರ ಪಕ್ಷ, ಅವನು ಬಸವನ ಪಕ್ಷ.

ಪರಿಷೆಯ ದಿನ ಆ ರಸ್ತೆಯಲ್ಲಿ ಕೈಬಿಟ್ಟು ನಡೆಯುವ ಹಾಗಿರುವುದಿಲ್ಲ. ಎರಡೂ ಬದಿಯಲ್ಲಿ ಗೋಣಿತಾಟಿನ ಮೇಲೆ ಹಸಿ, ಹುರಿದ, ಬೇಯಿಸಿದ ಕಡಲೆಕಾಯಿಯ ರಾಶಿಗಳು, ನಡುನಡುವೆ ಕಡ್ಲೆಪುರಿ, ಬೆಂಡು ಬತ್ತಾಸು, ಬಳೆ, ಸರ, ಪೀಪಿ. ಕೋಲಾರ, ಚಿಂತಾಮಣಿಗಳ ಕಡೆಯಿಂದಲೂ, ಪಕ್ಕದ ತಮಿಳುನಾಡು, ಆಂಧ್ರದಿಂದಲೂ ರೈತರು ಬಂದು ಸೇರಿನಲ್ಲಿ ಅಳೆದು ಕೊಡುತ್ತಾರೆ. ನಾವು ಕೊಂಡದ್ದು ಬೇಯಿಸಿದ್ದು, ಇನ್ನೂ ಬಿಸಿಯಾಗಿತ್ತು. ಕೊಟ್ಟ ಹೆಂಗಸು ಅಳತೆಯ ಮೇಲೆ ಇನ್ನೊಂದು ಹಿಡಿ ಹಾಕಿ, "ಇಬ್ಬರೂ ಹಂಚಿಕೊಂಡು ತಿನ್ನಿ" ಎಂದು ಬಾಯಿಬಿಟ್ಟು ಹೇಳಿದ್ದರು. ಇದನ್ನು ಬರೆಯುವುದಕ್ಕೆ ಕಾರಣವಿದೆ. ಹಂಚಿಕೊಳ್ಳಬೇಕೆಂಬುದು ತನಗೆ ಗೊತ್ತಿರಲಿಲ್ಲ ಎಂದು ತಮ್ಮ ಮುಂದೆ ಎಂದಾದರೂ ಹೇಳಿದರೆ ಈ ಬರಹ ಅವನ ಮುಂದಿರಲಿ.

ಚಿತ್ರದಲ್ಲಿ ಇನ್ನೊಂದು ವಿವರವಿದೆ, ಅದು ನನಗೂ ಮನೆಗೆ ಬಂದ ಮೇಲೆಯೇ ಕಂಡದ್ದು. ಹುಡುಗನ ಚಡ್ಡಿಯ ಎಡ ಜೇಬು ಉಬ್ಬಿದೆ, ಅದರ ಮೇಲೆ ಅವನ ಅಂಗೈ ಕಾವಲಿಗೆ ಕೂತಂತೆ ಇದೆ. ಚಿತ್ರ ತೆಗೆದು ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ, ಅಕ್ಕ ಮಾತು ಬಿಟ್ಟು ಸುಮ್ಮನೆ ನಡೆಯತೊಡಗಿದಾಗ, ಅವನು ಆ ಜೇಬಿನಿಂದ ಒಂದು ಹಿಡಿ ಕಾಯಿ ತೆಗೆದು ಅವಳ ಕೈಗೆ ಸುರಿದ. ಎಲ್ಲವೂ ಮೂರು ಬೀಜದವು. ಮೂರು ಬೀಜದ ಕಾಯಿ ಸಿಕ್ಕರೆ ಅವಳು ಕುಣಿಯುತ್ತಾಳೆಂಬುದು ಅವನಿಗೆ ಗೊತ್ತು. ಒಂದೆಡೆ ತಿನ್ನುತ್ತಲೇ ಇನ್ನೊಂದೆಡೆ ಅವುಗಳನ್ನು ಆರಿಸಿ ಎತ್ತಿಟ್ಟಿದ್ದ. ಒದ್ದೆ ಕಾಯಿಯಿಂದ ಜೇಬು ಪೂರ್ತಿ ಕರೆಯಾಗಿ ಅವರಮ್ಮನಿಂದ ಬೈಸಿಕೊಂಡದ್ದು ಬೇರೆ ವಿಷಯ. "ಇದನ್ನು ಮಾತ್ರ ಬಸವಣ್ಣ ಯಾಕೆ ಬಿಟ್ಟ?" ಎಂದು ಅವಳು ಕೇಳಿದಳು. "ನಿಂಗೆ ಅಂತ ಹೇಳ್ದೆ, ಬಿಟ್ಟ" ಎಂದ.

ಚಿತ್ರದ ಕೆಳಗಿನ ಎರಡು ಸಾಲುಗಳನ್ನು ಅಚ್ಚಿಗೆ ಕೊಡುವ ಮುನ್ನ ಇಬ್ಬರಿಗೂ ಓದಿ ಹೇಳಿದೆ, ಅವರ ಬಾಯಲ್ಲಿ ನಾನು ಮಾತು ಇಡುವಾಗ ಅವರ ಒಪ್ಪಿಗೆ ಇರಬೇಕಲ್ಲ. ಅಕ್ಕ ಗಂಭೀರವಾಗಿ ಕೇಳಿ ಎರಡು ತಿದ್ದುಪಡಿ ಸೂಚಿಸಿದಳು: ತಾನು ಬಳೆ ನೋಡಿದ್ದು ಒಂದೇ ನಿಮಿಷ ಎಂದು ಸೇರಿಸಬೇಕು, ಮತ್ತು ತಮ್ಮನ ಮಾತನ್ನು ಮೊದಲು ಹಾಕಿ ತನ್ನ ಮಾತನ್ನು ಕೊನೆಗೆ ಹಾಕಬೇಕು. ಮೊದಲನೆಯದನ್ನು ಸೇರಿಸಿದರೆ ಸಾಲು ಚಿತ್ರದ ಅಗಲ ಮೀರುತ್ತದೆ. ಉತ್ತರವನ್ನು ಪ್ರಶ್ನೆಗಿಂತ ಮೊದಲು ಇಡುವುದು ಹೇಗೆಂದು ನಾನು ಕೇಳಿದ್ದಕ್ಕೆ ಅವಳು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಮುಂದಿನ ವರ್ಷದ ಚಿತ್ರದಲ್ಲಿ ಕೊನೆಯ ಮಾತು ತನ್ನದೇ ಆಗಬೇಕೆಂಬ ಷರತ್ತಿನ ಮೇಲೆ ಒಪ್ಪಿದಳು. ತಮ್ಮ ತನ್ನ ಸಾಲನ್ನು ಎರಡು ಸಲ ಓದಿಸಿ ಕೇಳಿ, ಒಂದಕ್ಷರವೂ ಬದಲಾಯಿಸಬೇಡಿ ಚಿಕ್ಕಮ್ಮ ಎಂದ. ಅಜ್ಜಿಯ ಕೋಣೆಯ ಗೋಡೆಗೆ ಹಾಕುವ ದೊಡ್ಡ ಪ್ರತಿಯಲ್ಲಿಯೂ, ನಿಮಗೆಲ್ಲ ಕಳಿಸುತ್ತಿರುವ ಸಣ್ಣ ಪ್ರತಿಗಳಲ್ಲಿಯೂ ಎರಡು ಸಾಲುಗಳು ಮೇಲೆ ಇರುವಂತೆಯೇ ಇವೆ.