ಗಣಿತ ಪೇಪರ್‌ಗೆ ನಿನ್ನ ಮೂರು ಗಂಟೆಯ ಲೆಕ್ಕ

ತಮ್ಮಾ,

ನಿನ್ನ ಪ್ರಿಪರೇಟರಿ ಉತ್ತರಪತ್ರಿಕೆ ನೋಡಿದೆ. ಕೊನೆಯ ಎರಡು ಐದು ಅಂಕದ ಪ್ರಶ್ನೆಗಳನ್ನು ನೀನು ಬಿಟ್ಟಿದ್ದು ಬರದೆ ಅಲ್ಲ, ಟೈಮ್ ಸಾಲದೆ. ಎರಡು ಅಂಕದ ಒಂದು ಲೆಕ್ಕಕ್ಕೆ ಒಂದೂವರೆ ಪುಟ ತುಂಬಿಸಿದ್ದೀಯ! ಅಷ್ಟು ಬರೆದರೂ ಸಿಗುವುದು ಎರಡೇ ಅಂಕ ಅಲ್ವಾ?

ಒಟ್ಟು 180 ನಿಮಿಷ, 80 ಅಂಕ. ಮೊದಲ 5 ನಿಮಿಷ ಪ್ರಶ್ನೆಪತ್ರಿಕೆ ಓದಲು, ಕೊನೆಯ 15 ತಿರುಗಿ ನೋಡಲು ತೆಗೆದಿಡು. ಉಳಿಯಿತು 160. ಅಂದರೆ ಅಂಕಕ್ಕೆ 2 ನಿಮಿಷ. ಆದರೆ ಒಂದು ಅಂಕದ ಪ್ರಶ್ನೆಗೆ 2 ನಿಮಿಷ ಜಾಸ್ತಿ, 1 ಸಾಕು. ಹತ್ತು ಪ್ರಶ್ನೆಗಳಿಂದ ಉಳಿದ 10 ನಿಮಿಷ ಐದು ಅಂಕದವಕ್ಕೆ ಹೋಗಲಿ. ಹತ್ತು ಗಂಟೆಗೆ ಶುರುವಾದರೆ ಹೀಗೆ:

10:00 – ಓದು. ಆಯ್ಕೆ ಇರುವಲ್ಲಿ ಯಾವುದು ಅಂತ ಆಗಲೇ ಟಿಕ್ ಮಾಡು.
10:05 – ಎ ವಿಭಾಗ, 10 × 1 ಅಂಕ: 10 ನಿಮಿಷ.
10:15 – ಡಿ ವಿಭಾಗ, 6 × 5 ಅಂಕ: 70 ನಿಮಿಷ. ಒಂದಕ್ಕೆ 11, ಕೈಯಲ್ಲಿ 4 ಉಳಿಯುತ್ತದೆ.
11:25 – ಸಿ ವಿಭಾಗ, 8 × 3 ಅಂಕ: 48 ನಿಮಿಷ, ಒಂದಕ್ಕೆ 6.
12:13 – ಬಿ ವಿಭಾಗ, 8 × 2 ಅಂಕ: 32 ನಿಮಿಷ, ಒಂದಕ್ಕೆ 4.
12:45 – ತಿರುಗಿ ನೋಡು.

ಎ ಆದ ಮೇಲೆ ನೇರ ಡಿಗೆ ಯಾಕೆ ಅಂತ ಕೇಳುತ್ತೀಯ. ತಲೆ ಫ್ರೆಶ್ ಇರುವಾಗ ದೊಡ್ಡವು ಮುಗಿದುಬಿಡಲಿ. ಕೊನೆಗೆ ಟೈಮ್ ಕೈಕೊಟ್ಟರೆ ಹೋಗುವುದು ಎರಡು ಅಂಕ, ಐದಲ್ಲ. ಗ್ರಾಫ್ ಇದ್ದರೆ ಅದಕ್ಕೆ 13 ನಿಮಿಷ ಬೇಕು, ಸ್ಕೇಲ್ ಹಾಕುವುದರಲ್ಲೇ ಎರಡು ಹೋಗುತ್ತದೆ. ಆ 4 ನಿಮಿಷ ಇರುವುದೇ ಅದಕ್ಕೆ.

ನಿಜವಾದ ಕಷ್ಟ ಸಿಕ್ಕಿಹಾಕಿಕೊಂಡಾಗ. ನಾನು ಒಂದು ಸಲ ಒಂದೇ ಪ್ರಮೇಯದ ಮೇಲೆ 25 ನಿಮಿಷ ಕೂತಿದ್ದೆ, ಇನ್ನೇನು ಬಂತು ಅಂತ. ಬರಲಿಲ್ಲ. ನೀನು 11ನೇ ನಿಮಿಷಕ್ಕೆ ಪೆನ್ ಎತ್ತು. ಬರೆದಷ್ಟನ್ನು ಹೊಡೆದುಹಾಕಬೇಡ. ದತ್ತ, ಚಿತ್ರ, ಸೂತ್ರ ಇಷ್ಟಿದ್ದರೂ ಹಂತಕ್ಕೆ ಅಂಕ ಬರುತ್ತದೆ. ಕೆಳಗೆ ಅರ್ಧ ಪುಟ ಖಾಲಿ ಬಿಟ್ಟು ಮುಂದೆ ಹೋಗು. 12:45 ಆದಾಗ ಮೊದಲು ಅಲ್ಲಿಗೇ ಬಾ, ಆಮೇಲೆ ಚಿಹ್ನೆ, ಏಕಮಾನ, ಪ್ರಶ್ನೆ ಸಂಖ್ಯೆ ನೋಡು.

ಪ್ರತಿ ಪ್ರಶ್ನೆಗೂ ಗಡಿಯಾರ ನೋಡುತ್ತಾ ಕೂರಬೇಡ, ಸುಮ್ನೆ ಗಾಬರಿ. 10:15, 11:25, 12:13, 12:45 – ಈ ನಾಲ್ಕನ್ನು ಮಾತ್ರ ರಫ್ ಪುಟದ ಮೂಲೆಯಲ್ಲಿ ಬರೆದುಕೋ. ಐದು ನಿಮಿಷ ಹಿಂದಿದ್ದರೆ ಕೊನೆಯ 15ರಿಂದ ಹಿಡಿದುಕೋ, ಪರವಾಗಿಲ್ಲ. ಹತ್ತಕ್ಕಿಂತ ಜಾಸ್ತಿ ಹಿಂದಿದ್ದರೆ, ಕೈಯಲ್ಲಿರುವುದನ್ನು ಅಲ್ಲಿಗೇ ಬಿಟ್ಟು ಮುಂದಿನ ವಿಭಾಗಕ್ಕೆ ಹೋಗು.

ಭಾನುವಾರ ಬರುತ್ತೇನೆ. ಹಳೆ ಪೇಪರ್ ಒಂದು ತೆಗೆದಿಡು, ಹತ್ತು ಗಂಟೆಗೆ ಸರಿಯಾಗಿ ಕೂರಿಸುತ್ತೇನೆ.

– ಅಕ್ಕ