ವಿಷಯ: ಪರಿಚಯ – ಆರ್ಕಿಟೆಕ್ಟ್ ವಿನುತಾ ಮೇಡಂ (ಶಿವಮೊಗ್ಗ) ಮತ್ತು ಗುಡಿಗಾರ ಶ್ರೀಧರಣ್ಣ (ಸಾಗರ) – ಚೌಕಿಮನೆಯ ಕಂಬ, ಬೋದಿಗೆ ಕೆಲಸದ ಬಗ್ಗೆ

ವಿನುತಾ ಮೇಡಂ ಅವರಿಗೂ ಶ್ರೀಧರಣ್ಣನವರಿಗೂ ನಮಸ್ಕಾರ.

ನಿಮ್ಮಿಬ್ಬರನ್ನೂ ಫೋನಿನಲ್ಲಿ ಕೇಳಿ, ಇಬ್ಬರೂ ಆಗಬಹುದು ಅಂದ ಮೇಲೆ ಈ ಮೇಲ್ ಬರೆಯುತ್ತಿದ್ದೇನೆ. ಮೇಡಂ ನನ್ನ ಹತ್ತಿರ ಕೇಳಿದ್ದು ಹಳೇ ಕೆತ್ತನೆಗೆ ಹೊಂದುವ ಹಾಗೆ ಹೊಸದನ್ನು ಕೆತ್ತುವವರನ್ನು. ಶ್ರೀಧರಣ್ಣ ಕೇಳಿದ್ದು ಮಳೆಗಾಲಕ್ಕೊಂದು ಕೆಲಸ. ಇವೆರಡೂ ಒಂದೇ ಕಡೆ ಸಿಗುತ್ತವೆ ಅಂತ ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು, ಯಾಕೆಂದರೆ ಇಬ್ಬರೂ ನನ್ನ ಡಿಪೋಕ್ಕೆ ಬರುವುದು ಬೇರೆ ಬೇರೆ ಮರಕ್ಕೆ.

ಮೇಲ್ ಐಡಿ ಶ್ರೀಧರಣ್ಣನ ಮಗಳು ಪೂರ್ಣಿಮಾದು. ಅವಳೇ ಓದಿ ಹೇಳುತ್ತಾಳೆ, ಉತ್ತರವನ್ನೂ ಅವಳೇ ಬರೆಯುತ್ತಾಳೆ. ಹಾಗಾಗಿ ಕನ್ನಡದಲ್ಲೇ ಬರೆದಿದ್ದೇನೆ ಮೇಡಂ, ನೀವೂ ಹಾಗೇ ಬರೆದರೆ ಒಳ್ಳೆಯದು.

ಶ್ರೀಧರಣ್ಣ, ಮೊದಲು ಮೇಡಂ ವಿಚಾರ ನಿಮಗೆ. ಇವರು ಶಿವಮೊಗ್ಗದಲ್ಲಿ ಆರ್ಕಿಟೆಕ್ಟ್. ಹೊಸ ಮನೆಯ ಪ್ಲಾನೂ ಮಾಡುತ್ತಾರೆ, ಆದರೆ ಮನಸ್ಸಿರುವುದು ಹಳೇ ಮನೆ ಉಳಿಸುವುದರಲ್ಲಿ. ಈಗ ಹೊಸನಗರ ತಾಲ್ಲೂಕಿನಲ್ಲಿ ಒಂದು ಚೌಕಿಮನೆ ಹಿಡಿದಿದ್ದಾರೆ. ಅಂಗಳದ ಸುತ್ತ ಎಂಟು ಹಲಸಿನ ಕಂಬ. ಹಿಂದೆ ಯಾರೋ ನೆಲ ಚೆಂದ ಆಗಲಿ ಅಂತ ಕಂಬದ ಪೀಠದ ಕಲ್ಲು ಮುಚ್ಚುವ ಹಾಗೆ ಸಿಮೆಂಟು ಹಾಕಿಸಿದ್ದಾರೆ. ಕಲ್ಲಿನ ಮೇಲೆ ಒಣಗಿ ನಿಲ್ಲಬೇಕಾದ ಬುಡಕ್ಕೆ ಗಾಳಿಯೇ ಇಲ್ಲ, ಥಂಡಿ ಒಳಗೇ ಉಳಿದು ಮೂರು ಕಂಬಕ್ಕೆ ಗೆದ್ದಲು. ಇನ್ನೊಂದು ಮೂಲೆಯಲ್ಲಿ ಹಂಚು ಸರಿದು ನೀರು ಸುರಿದು ಎರಡು ಬೋದಿಗೆ ಲಡ್ಡಾಗಿವೆ. ಗುತ್ತಿಗೆದಾರರೊಬ್ಬರು ಎಲ್ಲಾ ತೆಗೆದು ಕಾಂಕ್ರೀಟ್ ಕಂಬ ಕೊಟ್ಟು ಮರದ ಬಣ್ಣ ಬಳಿಯೋಣ ಅಂದರಂತೆ. ಮೇಡಂ ಅವರನ್ನು ವಾಪಸ್ ಕಳಿಸಿದರು. ನನಗೆ ಇವರ ಮೇಲೆ ಗೌರವ ಹುಟ್ಟಿದ್ದೇ ಆ ದಿನ.

ಮಾಡನ್ನು ಜಾಕಿ ಕೊಟ್ಟು ಎತ್ತಿ, ಕೆಟ್ಟ ಬುಡವನ್ನಷ್ಟೇ ಕತ್ತರಿಸಿ ಹೊಸ ಮರ ಕೂಡಿಸುವುದು ಅವರ ಯೋಚನೆ. ಅದಕ್ಕೆ ಅವರ ಹತ್ತಿರ ಬಡಗಿಗಳಿದ್ದಾರೆ. ಸಿಕ್ಕಿಬಿದ್ದಿರುವುದು ಬೋದಿಗೆಯಲ್ಲಿ. ಬೆಂಗಳೂರಿನಿಂದ ಕಂಪ್ಯೂಟರ್ ಮಿಷನ್ನಿನಲ್ಲಿ ಕೊರೆಸಿದ ಒಂದು ಸ್ಯಾಂಪಲ್ ತರಿಸಿ ನನಗೂ ತೋರಿಸಿದರು. ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೆ ಗೆರೆಯೆಲ್ಲಾ ಒಂದೇ ಆಳ, ಎಸಳಿನ ತುದಿ ಎಲ್ಲೂ ಏಳುವುದಿಲ್ಲ. ಹಳೆಯದರ ಪಕ್ಕ ಇಟ್ಟರೆ ಸಾಬೂನಿನಲ್ಲಿ ಮಾಡಿದಂತೆ ಕಾಣುತ್ತದೆ.

ಮೇಡಂ, ಈಗ ಶ್ರೀಧರಣ್ಣನ ವಿಚಾರ. ಸಾಗರ, ಸೊರಬದ ಕಡೆಯ ಗುಡಿಗಾರರೆಂದರೆ ಶ್ರೀಗಂಧದ ಕೆತ್ತನೆ ಅಂತ ಎಲ್ಲರಿಗೂ ಗೊತ್ತು. ಇವರ ತಂದೆಯ ಕಾಲದಲ್ಲಿ ಅದೇ ಮುಖ್ಯ ಕಸುಬು. 2001ರಲ್ಲಿ ಕಾನೂನು ಬದಲಾಗಿ, ಜಮೀನಿನಲ್ಲಿ ಬೆಳೆದ ಗಂಧಕ್ಕೆ ಜಮೀನಿನವರೇ ಒಡೆಯರು ಅಂತ ಆಯಿತು. ಆದರೂ ಇವರ ಉಳಿಗೆ ಗಂಧ ಬರುವುದು ಅಪರೂಪ. ಈಗ ಕೈಯಲ್ಲಿರುವುದು ಹೆಚ್ಚಾಗಿ ಶಿವನೆ ಮರ, ಹಗುರ, ಉಳಿಗೆ ಚೆನ್ನಾಗಿ ಬಗ್ಗುತ್ತದೆ. ದೇವಸ್ಥಾನದ ಪ್ರಭಾವಳಿ, ಬಾಗಿಲವಾಡ, ರಥದ ಗೊಂಬೆ, ಇಂಥವು. ಉಳಿದ ದಿನ ಸನ್ಮಾನಕ್ಕೆ ಕೊಡುವ ನೆನಪಿನ ಕಾಣಿಕೆ. ಅದನ್ನು ಮಾಡುವಾಗ ಅವರ ಮುಖ ನೋಡಬೇಕು ನೀವು!

ಇವರೇ ಸರಿ ಅಂತ ನಾನು ತೀರ್ಮಾನಿಸಿದ್ದಕ್ಕೆ ಕಾರಣ ಹೇಳುತ್ತೇನೆ. ಲಡ್ಡಾದ ಬೋದಿಗೆಯೊಂದನ್ನು ನೀವು ಮರ ಗುರುತಿಸಲು ಅಂತ ನನ್ನಲ್ಲಿ ಬಿಟ್ಟು ಹೋಗಿದ್ದಿರಲ್ಲ, ಅದು ಮೇಜಿನ ಮೇಲಿತ್ತು. ಶ್ರೀಧರಣ್ಣ ಶಿವನೆ ತುಂಡು ಆರಿಸಲು ಬಂದವರು ಅದನ್ನೆತ್ತಿ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರು. ಹೆಬ್ಬೆರಳನ್ನು ಎಸಳಿನ ಗೆರೆಯಲ್ಲಿ ನಿಧಾನ ಎಳೆದರು. ಆಮೇಲೆ ತಿರುಗಿಸಿ ಇನ್ನೊಂದು ಕಡೆ ಎಳೆದರು. "ಇದಕ್ಕೆ ಇಬ್ಬರು ಕೂತಿದಾರೆ ಮಾರಾಯ್ರೆ. ಈ ಕಡೆಯವ ಕೈ ಪಳಗಿದವ, ಆ ಕಡೆಯವ ಕಲೀತಾ ಇದ್ದವ. ಉಳಿ ಎತ್ತುವಾಗ ಹೆದರಿದಾನೆ ನೋಡಿ" ಅಂದರು. ಅವರು ತೋರಿಸಿದ ಮೇಲೆ ನನಗೂ ಕಂಡಿತು. ಅಲ್ಲಿಯವರೆಗೆ ನನಗೆ ಅದು ಒಂದು ಹಲಸಿನ ತುಂಡು, ಅಷ್ಟೇ.

ಇನ್ನು ಇಬ್ಬರಿಗೂ ಏನು ಲಾಭ ಅನ್ನುವುದು. ಕೆಲಸ ಬಲ್ಲವರು, ಕೆಲಸ ಕೊಡುವವರು ಅನ್ನುವುದಕ್ಕಿಂತ ಮುಖ್ಯವಾದದ್ದು ನಿಮ್ಮಿಬ್ಬರ ಕ್ಯಾಲೆಂಡರು. ಮೇಡಂ ಅವರ ಸೈಟು ಜೂನ್‌ನಲ್ಲಿ ಮಳೆ ಹಿಡಿದರೆ ನಿಂತಂತೆ. ಹೊಸನಗರದ ಮಳೆಯಲ್ಲಿ ಮಾಡು ಬಿಚ್ಚುವವರು ಯಾರು? ಶ್ರೀಧರಣ್ಣನಿಗೆ ದೇವಸ್ಥಾನದವರ ಅವಸರವೆಲ್ಲಾ ಜಾತ್ರೆ, ತೇರಿಗೆ ಮುಂಚೆ, ಅಂದರೆ ಚಳಿಗಾಲದಿಂದ ಬೇಸಿಗೆವರೆಗೆ. ಮಳೆ ಶುರುವಾದರೆ ಅವರ ಚಾವಡಿ ಖಾಲಿ. ಈಗ ಬೇಸಿಗೆಯಲ್ಲೇ ಮೇಡಂ ಅಳತೆ ತೆಗೆದು, ಡ್ರಾಯಿಂಗನ್ನೂ ಒಣಗಿದ ಮರವನ್ನೂ ಮೇ ಒಳಗೆ ಕೊಟ್ಟರೆ, ಸೈಟು ನಿಂತಿರುವ ತಿಂಗಳುಗಳಲ್ಲಿ ಕೆತ್ತನೆ ಸಾಗುತ್ತದೆ. ದೀಪಾವಳಿ ಕಳೆದು ಮಾಡು ಬಿಚ್ಚುವ ಹೊತ್ತಿಗೆ ಬೋದಿಗೆ ಸಿದ್ಧ. ಮೇಡಂಗೆ ಸೈಟಿನಲ್ಲಿ ಕಾಯುವ ದಿನ ಉಳಿಯುತ್ತದೆ, ಶ್ರೀಧರಣ್ಣನಿಗೆ ಖಾಲಿ ತಿಂಗಳು ತುಂಬುತ್ತದೆ.

ನಡುವೆ ಒಂದು ತೊಡಕಿದೆ, ಮೇಡಂಗೆ ಈಗಲೇ ಗೊತ್ತಿರಲಿ. ಚೌತಿ ಹತ್ತಿರ ಬಂದರೆ ಶ್ರೀಧರಣ್ಣನ ಮನೆಯಲ್ಲಿ ಎಲ್ಲರ ಕೈಯೂ ಮಣ್ಣಿನ ಗಣಪತಿಯಲ್ಲಿ. ಆಗ ಉಳಿ ಮುಟ್ಟುವುದಿಲ್ಲ, ಫೋನೂ ಎತ್ತುವುದಿಲ್ಲ. ಆ ದಿನಗಳನ್ನು ಲೆಕ್ಕದಿಂದ ಬಿಟ್ಟೇ ಗಡುವು ಹಾಕಿ.

ಶ್ರೀಧರಣ್ಣ, ನಿಮಗೆ ಇದರಲ್ಲಿ ಇನ್ನೊಂದು ಅನುಕೂಲ ಕಾಣುತ್ತದೆ. ಹೋದ ಸಲ ದೂರದ ಕಂಟ್ರಾಕ್ಟರ್ ಒಬ್ಬರು ಬಾಯಿಮಾತಿನಲ್ಲಿ ಮಾಡಿಸಿಕೊಂಡು, ಆಮೇಲೆ ಅಳತೆ ಸರಿಯಿಲ್ಲ ಅಂತ ಅರ್ಧ ದುಡ್ಡು ಹಿಡಿದರಲ್ಲ. ಮೇಡಂ ಹಾಗಲ್ಲ. ಒಂದು ಬೋದಿಗೆಗೆ ನಾಲ್ಕು ಕಡೆಯ ಡ್ರಾಯಿಂಗು, ಪೂರ್ತಿ ಅಳತೆಯ ಕಾಗದದ ಅಚ್ಚು, ಕೆಲಸದ ಆರ್ಡರು ಎಲ್ಲಾ ಬರಹದಲ್ಲಿ ಕೊಡುತ್ತಾರೆ. ಅಳತೆ ತಪ್ಪಿದ್ದು ಯಾರಿಂದ ಅನ್ನುವ ಜಗಳಕ್ಕೆ ಜಾಗವೇ ಇಲ್ಲ. ಅವರ ಕೈಯಲ್ಲಿ ತೀರ್ಥಹಳ್ಳಿ ಕಡೆಯ ಇನ್ನೊಂದು ಮನೆಯ ಮಾತುಕತೆಯೂ ಇದೆ. ಅದು ಕುದುರುತ್ತದೆ ಅಂತ ನಾನು ಹೇಳಲಾರೆ, ಅದನ್ನೇ ನಂಬಿ ಇರೋ ಆರ್ಡರು ಬಿಡಬೇಡಿ.

ದುಡ್ಡಿನ ವಿಚಾರ ನೀವೇ ಮಾತಾಡಿಕೊಳ್ಳಿ, ನಾನು ನಡುವೆ ಬರುವುದಿಲ್ಲ. ಒಂದು ಮಾತು ಮಾತ್ರ. ಮೇಡಂ ಅವರದು ಲೆಕ್ಕ ಇಡುವ ಆಫೀಸು, ಬಿಲ್ಲಿನಲ್ಲಿ ಟಿಡಿಎಸ್ ಹಿಡಿಯಬೇಕಾಗಬಹುದು. ಒಬ್ಬ ವ್ಯಕ್ತಿಗೆ ಕೊಡುವ ಗುತ್ತಿಗೆ ಹಣದಲ್ಲಿ ಅದು ಶೇ. 1, ಪ್ಯಾನ್ ನಂಬರ್ ಕೊಡದಿದ್ದರೆ ಶೇ. 20. ಆದ್ದರಿಂದ ಪೂರ್ಣಿಮಾ, ಅಪ್ಪನ ಪ್ಯಾನ್ ಕಾರ್ಡು ಹುಡುಕಿ ಇಡಮ್ಮ. ಹಿಡಿದ ಹಣ ಹೋಗಿಬಿಟ್ಟಿತು ಅಂತ ಅಪ್ಪ ಬೇಜಾರು ಮಾಡಿಕೊಳ್ಳುವುದು ಬೇಡ, ರಿಟರ್ನ್ಸ್ ಹಾಕಿದರೆ ತೆರಿಗೆ ಲೆಕ್ಕಕ್ಕೆ ಜಮೆಯಾಗುತ್ತದೆ, ಹೆಚ್ಚಿದ್ದರೆ ವಾಪಸ್ ಬರುತ್ತದೆ.

ಎರಡೂ ಬೋದಿಗೆ ಒಟ್ಟಿಗೆ ಒಪ್ಪಿಸುವುದಕ್ಕಿಂತ ಮೊದಲು ಒಂದನ್ನು ಮಾಡಿ ನೋಡಿ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೂ ಪೂರ್ತಿ ಮಜೂರಿ ಇರಲಿ, ಸ್ಯಾಂಪಲ್ ಅಂತ ಪುಕ್ಕಟೆ ಬೇಡ. ಶ್ರೀಧರಣ್ಣನಿಗೆ ಶಿವನೆಯಲ್ಲಿ ಕೈ ಓಡಿದಂತೆ ಹಲಸಿನಲ್ಲಿ ಓಡುವುದಿಲ್ಲ, ಅದನ್ನು ಅವರೇ ಹೇಳಿದರು. ಹಲಸು ಗಟ್ಟಿ, ಎಳೆ ಅಲ್ಲಲ್ಲಿ ತಿರುಚಿಕೊಂಡಿರುತ್ತದೆ, ಉಳಿಯನ್ನು ಮತ್ತೆ ಮತ್ತೆ ಮಸೆಯಬೇಕು. ಒಂದು ಮುಗಿದರೆ ದಿನವೂ ಮಜೂರಿಯೂ ಎಷ್ಟು ಅಂತ ಇಬ್ಬರಿಗೂ ಅಂದಾಜು ಸಿಗುತ್ತದೆ. ಬಣ್ಣದ ಬಗ್ಗೆಯೂ ಹೆದರಿಕೆ ಬೇಡ. ಹೊಸ ಹಲಸು ಅರಿಶಿನದ ಹಾಗೆ ಹಳದಿ ಕಾಣುತ್ತದೆ, ಗಾಳಿ ಬೆಳಕಿಗೆ ಬಿಟ್ಟರೆ ವರ್ಷ ಕಳೆದಂತೆ ಕಂದು ತಿರುಗಿ ಹಳೆಯದರ ಜೊತೆ ಸೇರಿಕೊಳ್ಳುತ್ತದೆ. ಪಾಲಿಶ್‌ನವರ ಮಾತು ಕೇಳಿ ಮೊದಲೇ ಕಪ್ಪು ಬಳಿಯಬೇಡಿ.

ನನ್ನ ಸ್ವಾರ್ಥವನ್ನೂ ಹೇಳಿಬಿಡುತ್ತೇನೆ. ನಾನು ಮರ ಮಾರುವವನು. ಈ ಕೆಲಸ ನಡೆದರೆ ಹಲಸಿನ ತುಂಡು ನನ್ನಲ್ಲೇ ಕೊಂಡರೆ ನನಗೆ ಲಾಭ. ಒಣಗಿದ ಹಲಸು ಸದ್ಯ ಡಿಪೋದಲ್ಲಿದೆ. ಆದರೆ ಆ ಮನೆಯವರ ಅಟ್ಟದಲ್ಲಿ ಹಳೇ ತೊಲೆ ಎರಡು ಬಿದ್ದಿವೆ ಅಂತ ಮೇಡಂ ಅಂದಿದ್ದರು. ಅದು ಗಟ್ಟಿಯಿದ್ದರೆ ಅದನ್ನೇ ಬಳಸಿ, ನನ್ನ ಮರಕ್ಕಿಂತ ಚೆನ್ನಾಗಿ ಒಣಗಿರುತ್ತದೆ, ಬಿರುಕು ಬಿಡುವ ಭಯ ಕಡಿಮೆ. ಮನೆಯಿಂದ ಸಾಗರಕ್ಕೆ ಸಾಗಿಸುವ ಮುಂಚೆ ಮಾತ್ರ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಪಾಸಿನ ವಿಚಾರ ಕೇಳಿಕೊಳ್ಳಿ. ದಾರಿಯಲ್ಲಿ ಗಾಡಿ ನಿಲ್ಲಿಸಿದರೆ ಹಳೇ ತೊಲೆ ಅಂತ ಬಾಯಲ್ಲಿ ಹೇಳಿ ಸುಖವಿಲ್ಲ.

ಮುಂದಿನ ಹೆಜ್ಜೆಗೆ ನನ್ನದೊಂದು ಸಲಹೆ. ಈ ಭಾನುವಾರ ಮೇಡಂ ಸಾಗರಕ್ಕೆ ಬರಲಿ. ಕಾರು ಬೇಡವೆಂದರೆ ತಾಳಗುಪ್ಪದ ರೈಲಿನಲ್ಲಿ ಬಂದು ಜಂಬಗಾರಿನಲ್ಲಿ ಇಳಿಯಿರಿ, ನಾನು ಸ್ಟೇಷನ್ನಿಗೆ ಬರುತ್ತೇನೆ. ಮೊದಲು ಮೂವರೂ ಕೆಳದಿಗೆ ಹೋಗಿ ರಾಮೇಶ್ವರ ದೇವಸ್ಥಾನದ ಮರದ ಕಂಬಗಳನ್ನು ನೋಡಿಕೊಂಡು ಬರೋಣ. ಆಫೀಸಿನ ಮೇಜಿನ ಮುಂದೆ ಕೂತರೆ ಶ್ರೀಧರಣ್ಣ ಹೂಂ, ಹೂಂ ಅನ್ನುತ್ತಾರೆ, ಅಷ್ಟೇ. ಕಂಬದ ಎದುರು ನಿಂತರೆ ಅವರ ಬಾಯಿ ತೆರೆಯುತ್ತದೆ. ಅಲ್ಲಿಂದ ಅವರ ಚಾವಡಿಗೆ. ಊಟ ನಮ್ಮ ಮನೆಯಲ್ಲಿ. ಮೇಡಂ, ಉಳಿದ ಆರು ಬೋದಿಗೆಗಳ ಹತ್ತಿರದ ಫೋಟೋ ತನ್ನಿ, ಬೆಳಕು ಪಕ್ಕದಿಂದ ಬಿದ್ದಿರಲಿ, ಎದುರಿನಿಂದ ಫ್ಲಾಷ್ ಹಾಕಿದರೆ ಆಳ ಕಾಣುವುದಿಲ್ಲ. ಶ್ರೀಧರಣ್ಣ, ನೀವು ಆ ಸೊರಬದ ಬಾಗಿಲವಾಡದ ಫೋಟೋ ಪೂರ್ಣಿಮಾ ಫೋನಿನಲ್ಲಿದ್ದರೆ ತೋರಿಸಿ. ಸನ್ಮಾನದ ಕಾಣಿಕೆಗಳದ್ದು ಬೇಡ.

ಇಬ್ಬರ ಫೋನ್ ನಂಬರನ್ನೂ ನಿಮ್ಮ ಒಪ್ಪಿಗೆಯಂತೆ ಇಬ್ಬರಿಗೂ ಬೇರೆಯಾಗಿ ವಾಟ್ಸಾಪ್ ಮಾಡಿದ್ದೇನೆ. ಶ್ರೀಧರಣ್ಣನಿಗೆ ಸಂಜೆ ದೀಪ ಹಚ್ಚಿದ ಮೇಲೆ ಮಾಡಿದರೆ ಸಿಗುತ್ತಾರೆ. ಭಾನುವಾರ ಆಗುತ್ತದೋ ಇಲ್ಲವೋ ಅಂತ ಗುರುವಾರದೊಳಗೆ ಇಬ್ಬರೂ ಒಂದು ಸಾಲು ಬರೆಯಿರಿ. ಆಮೇಲಿನ ಮಾತುಕತೆಯಲ್ಲಿ ನನ್ನನ್ನು ಸೇರಿಸಬೇಕಾಗಿಲ್ಲ. ನೋಡಿದ ಮೇಲೆ ಹೊಂದುವುದಿಲ್ಲ ಅನ್ನಿಸಿದರೆ ಯಾರೂ ನನ್ನ ಮುಖ ನೋಡಿ ಒಪ್ಪಿಕೊಳ್ಳಬೇಡಿ, ನೇರವಾಗಿ ಬೇಡ ಅನ್ನಿ, ನನಗೇನೂ ಬೇಸರವಿಲ್ಲ.

ನಿಮ್ಮ,
ರಾಘವೇಂದ್ರ
ಮರದ ಡಿಪೋ, ಸಾಗರ

ಮತ್ತೆ ಮೇಡಂ, ಆ ಲಡ್ಡು ಬೋದಿಗೆ ಈಗ ನನ್ನ ಹತ್ತಿರ ಇಲ್ಲ. ಅಚ್ಚು ತೆಗೆದು ನೋಡುತ್ತೇನೆ ಅಂತ ಶ್ರೀಧರಣ್ಣ ಮನೆಗೆ ಒಯ್ದಿದ್ದಾರೆ. ನಿಮ್ಮನ್ನು ಫೋನಿನಲ್ಲಿ ಕೇಳಿಯೇ ಕೊಟ್ಟಿದ್ದು, ಆದರೂ ಬರಹದಲ್ಲಿ ಇರಲಿ ಅಂತ ಹೇಳಿದೆ.