ಶತಮಾನೋತ್ಸವ ಸ್ಮರಣ ಸಂಚಿಕೆ: ತಂತ್ರಾಂಶದ ಅಪ್‌ಗ್ರೇಡ್‌ನಿಂದ ಪ್ಲಗಿನ್‌ಗಳು ಕೆಟ್ಟು ಪುಟವಿನ್ಯಾಸ ತಡವಾಗಿರುವ ಬಗ್ಗೆ

ದಿನಾಂಕ: 7 ಅಕ್ಟೋಬರ್ 2025

ಮಾನ್ಯ ಸಂಚಾಲಕರೇ,

ನಮಸ್ಕಾರಗಳು.

ಸಂಘದ ಶತಮಾನೋತ್ಸವ ಸ್ಮರಣ ಸಂಚಿಕೆಯ ಒಳಪುಟಗಳ ಪೂರ್ಣ ಪ್ರೂಫನ್ನು ಇದೇ ಶುಕ್ರವಾರ, ಅಕ್ಟೋಬರ್ 10ರಂದು, ತಮ್ಮ ಕೈಗೆ ಒಪ್ಪಿಸಬೇಕಾಗಿತ್ತು. ಆ ದಿನಕ್ಕೆ ಅದು ಸಿದ್ಧವಾಗುವುದಿಲ್ಲ. ಲೇಖನಗಳ ಭಾಗವನ್ನು 16ರಂದೂ, ಲೆಕ್ಕಪತ್ರದ ಕೋಷ್ಟಕಗಳು ಹಾಗೂ ಹೆಸರುಗಳ ಅಕಾರಾದಿಯನ್ನು ದೀಪಾವಳಿ ಕಳೆದ ಮೇಲೆ 24ರಂದೂ ಕಳುಹಿಸುತ್ತೇನೆ. ಸಹಕಾರ ಸಪ್ತಾಹದ ಮೊದಲ ದಿನವಾದ ನವೆಂಬರ್ 14ರ ಬಿಡುಗಡೆಗೆ ಪುಸ್ತಕ ತಲುಪುವಂತೆ ಮುದ್ರಣಾಲಯದವರ ಜೊತೆ ಮಾತನಾಡಿ ಹೊಸ ವೇಳಾಪಟ್ಟಿಯನ್ನು ಗೊತ್ತುಮಾಡಿಕೊಂಡೇ ಈ ಪತ್ರ ಬರೆಯುತ್ತಿದ್ದೇನೆ. ಸಮಿತಿಯ ಮುಂದೆ ವಿಷಯವನ್ನು ಇಡುವಾಗ ತಮಗೆ ಅನುಕೂಲವಾಗಲೆಂದು ಕಾರಣವನ್ನು ಸ್ವಲ್ಪ ವಿವರವಾಗಿಯೇ ತಿಳಿಸುತ್ತೇನೆ.

ನಾನು ಪುಟ ಕಟ್ಟಲು ಬಳಸುವ ತಂತ್ರಾಂಶವು ಚಂದಾ ಪದ್ಧತಿಯದು. ಅದರ ತಯಾರಕರು ಈಚಿನ ಆವೃತ್ತಿ ಮತ್ತು ಅದರ ಹಿಂದಿನ ಒಂದು ಆವೃತ್ತಿಯನ್ನು ಮಾತ್ರ ಉಳಿಸಿ, ಅದಕ್ಕಿಂತ ಹಳೆಯವುಗಳ ಪರವಾನಗಿಯನ್ನು ಸೆಪ್ಟೆಂಬರ್ ಕೊನೆಗೆ ನಿಲ್ಲಿಸುವುದಾಗಿ ತಿಳಿಸಿದ್ದರು. ನಮ್ಮ ಸಂಚಿಕೆಯ ಕೆಲಸ ಆರಂಭವಾಗಿದ್ದು ಅಂಥ ಒಂದು ಹಳೆಯ ಆವೃತ್ತಿಯಲ್ಲಿ. ಅದನ್ನೇ ನೆಚ್ಚಿಕೊಂಡಿದ್ದರೆ ಅಕ್ಟೋಬರ್‌ನಲ್ಲಿ ಫೈಲುಗಳನ್ನು ತೆರೆಯಲಿಕ್ಕೂ ಆಗುತ್ತಿರಲಿಲ್ಲ. ನಾನು ಬಳಸುವ ಪ್ಲಗಿನ್‌ಗಳು ಹೊಸ ಆವೃತ್ತಿಗೆ ಹೊಂದುತ್ತವೆ ಎಂದು ಅವುಗಳ ತಯಾರಕರ ಪಟ್ಟಿಯಲ್ಲಿ ಸ್ಪಷ್ಟವಾಗಿ ನಮೂದಾಗಿತ್ತು. ಎಲ್ಲ ಫೈಲುಗಳ ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ತೆಗೆದಿಟ್ಟುಕೊಂಡು, ವಿಜಯದಶಮಿಯ ರಜೆ ಮುಗಿದ ಕೂಡಲೇ ಹೊಸ ಆವೃತ್ತಿಯನ್ನು ಹಾಕಿಕೊಂಡೆ.

ತಂತ್ರಾಂಶವೇನೋ ಸರಿಯಾಗಿ ತೆರೆದುಕೊಂಡಿತು. ಕೆಟ್ಟದ್ದು ಅದರೊಳಗೆ ಕೂತು ಕೆಲಸ ಮಾಡುವ ಪ್ಲಗಿನ್‌ಗಳು. ಇಂಥ ಪ್ಲಗಿನ್‌ಗಳನ್ನು ತಂತ್ರಾಂಶದ ಒಂದೊಂದು ದೊಡ್ಡ ಆವೃತ್ತಿಗೂ ಅವುಗಳ ತಯಾರಕರು ಹೊಸದಾಗಿ ಸಿದ್ಧಪಡಿಸಿಕೊಡಬೇಕಾಗುತ್ತದೆ. ಹಾಗೆ ಮಾಡಿದ್ದೇವೆ ಎಂದು ಅವರು ಹೇಳಿದ್ದು ಇಂಗ್ಲಿಷ್ ಪುಟಗಳ ಮಟ್ಟಿಗೆ ನಿಜವಿರಬಹುದು, ಕನ್ನಡ ಪುಟಗಳ ಮಟ್ಟಿಗೆ ನಿಜವಾಗಲಿಲ್ಲ. ನಮ್ಮ ಸಂಚಿಕೆ ಮೂರು ಪ್ಲಗಿನ್‌ಗಳನ್ನು ಅವಲಂಬಿಸಿದೆ. ಹೆಸರುಗಳ ಅಕಾರಾದಿಯನ್ನು ತಯಾರಿಸುವುದು ಹೊಸ ಆವೃತ್ತಿಯಲ್ಲಿ ತೆರೆಯುವುದೇ ಇಲ್ಲ. ಅದು ದೊಡ್ಡ ತೊಂದರೆಯಲ್ಲ, ಏಕೆಂದರೆ ಪುಟಸಂಖ್ಯೆಗಳು ಅಂತಿಮವಾಗುವ ತನಕ ಅಕಾರಾದಿಯ ಕೆಲಸ ಹೇಗೂ ಶುರುವಾಗುವುದಿಲ್ಲ. ಉಳಿದೆರಡರ ಕತೆ ಬೇರೆ.

ಲೇಖಕರಲ್ಲಿ ಅನೇಕ ಹಿರಿಯರು ನುಡಿ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಸಿ ಲೇಖನ ಕಳುಹಿಸಿದ್ದಾರೆ. ಆ ಫಾಂಟ್ ಇಲ್ಲದ ಗಣಕದಲ್ಲಿ ಅಂಥ ಲೇಖನದ ‘ಕರ್ನಾಟಕ’ ಎಂಬ ಪದ PÀ£ÁðlPÀ ಎಂದು ಕಾಣಿಸುತ್ತದೆ. ಅದನ್ನು ಯುನಿಕೋಡ್‌ಗೆ ತರುವುದೆಂದರೆ ಒಂದು ಚಿಹ್ನೆಯ ಜಾಗದಲ್ಲಿ ಇನ್ನೊಂದನ್ನು ಇಟ್ಟಷ್ಟು ಸುಲಭವಲ್ಲ. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಆದ್ದರಿಂದ ಪ್ರತಿಯೊಂದು ಅರ್ಕಾವೊತ್ತನ್ನೂ ಹಿಂದಕ್ಕೆ ಸರಿಸಬೇಕು. ಇದರ ಜೊತೆಗೆ ‘ಸೂರ್ಯ’ದಲ್ಲಿ ಅರ್ಕಾವೊತ್ತು ಬೇಕು, ‘ರ‍್ಯಾಲಿ’ಯಲ್ಲಿ ಬೇಡ, ಆ ವ್ಯತ್ಯಾಸವನ್ನು ಉಳಿಸುವುದು ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ. ಪರಿವರ್ತನೆಯ ಪ್ಲಗಿನ್ ಇದನ್ನೆಲ್ಲ ಇದುವರೆಗೆ ಸರಿಯಾಗಿ ನಿಭಾಯಿಸುತ್ತಿತ್ತು. ಈಗ ಅದು ಆ ಸಂಕೇತವನ್ನು ಕಳೆದುಹಾಕುತ್ತಿದೆ, ಕೆಲವು ಕಡೆ ಅರ್ಕಾವೊತ್ತನ್ನು ಮುಂದಿನ ಅಕ್ಷರಕ್ಕೆ ಅಂಟಿಸುತ್ತಿದೆ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಆರಂಭವಾದ ಸಹಕಾರ ಸಂಘದ ಕುರಿತ ಮೊದಲ ಲೇಖನವನ್ನು ಪರಿವರ್ತಿಸಿದಾಗ ಇದು ಗಮನಕ್ಕೆ ಬಂತು.

ಆದರೂ ಅಕ್ಷರದ ತಪ್ಪು ಕರಡು ತಿದ್ದುವವರ ಕಣ್ಣಿಗೆ ಬೀಳುತ್ತದೆ. ನಾನು ಕೆಲಸವನ್ನು ಪೂರ್ತಿ ನಿಲ್ಲಿಸಿದ್ದು ಮೂರನೆಯ ಪ್ಲಗಿನ್‌ನ ಕಾರಣದಿಂದ. ತಮ್ಮ ಕಚೇರಿಯಿಂದ ಬಂದ ಎಕ್ಸೆಲ್ ಹಾಳೆಗಳಲ್ಲಿನ ಷೇರು ಬಂಡವಾಳ, ಠೇವಣಿ, ಸಾಲ, ಸುಸ್ತಿ ಬಾಕಿ, ಲಾಭ ಮತ್ತು ಡಿವಿಡೆಂಡ್‌ನ ಅಂಕಿಗಳನ್ನು ನೇರವಾಗಿ ಪುಟಕ್ಕೆ ತರುವುದು ಅದರ ಕೆಲಸ. ಹೊಸ ಆವೃತ್ತಿಯಲ್ಲಿ ಅದು ಯಾವ ಎಚ್ಚರಿಕೆಯನ್ನೂ ತೋರಿಸದೆ ತೆರೆದುಕೊಂಡು, ಕೋಷ್ಟಕಗಳನ್ನು ಅಂದವಾಗಿಯೇ ತುಂಬಿತು. ಆದರೆ 12,34,567 ಎಂದು ಲಕ್ಷದ ಲೆಕ್ಕದಲ್ಲಿದ್ದ ಅಲ್ಪವಿರಾಮಗಳು 1,234,567 ಎಂದಾಗಿದ್ದವು. ಇದಕ್ಕಿಂತ ಗಂಭೀರವಾದದ್ದು ಹಳೆಯ ವರ್ಷಗಳ ಲೆಕ್ಕ. 1957ರ ಏಪ್ರಿಲ್‌ನಲ್ಲಿ ದಶಮಾಂಶ ನಾಣ್ಯ ಬರುವ ಮುಂಚಿನ ಮೊತ್ತಗಳೆಲ್ಲ ರೂಪಾಯಿ, ಆಣೆ, ಪೈಗಳಲ್ಲಿವೆ. 1925ರ ಮೊದಲ ಹಾಳೆಯಲ್ಲಿ ಹನ್ನೆರಡು ರೂಪಾಯಿ ಏಳು ಆಣೆ ಆರು ಪೈ ಎಂಬುದನ್ನು ತಮ್ಮ ಲೆಕ್ಕಿಗರು 12-7-6 ಎಂದು ಸರಿಯಾಗಿಯೇ ಬರೆದಿದ್ದಾರೆ. ಪ್ಲಗಿನ್ ಅದನ್ನು ದಿನಾಂಕವೆಂದು ಓದಿಕೊಂಡು, 12 ಜುಲೈ 2006 ಎಂದು ಪುಟದಲ್ಲಿ ಇಟ್ಟಿತ್ತು. ದಿನಾಂಕವಾಗಿ ಓದಲು ಬಾರದ ಮೊತ್ತಗಳನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟಿತ್ತು. ಹೀಗಾಗಿ ಒಂದೇ ಕೋಷ್ಟಕದಲ್ಲಿ ಕೆಲವು ಸಾಲು ಸರಿ, ಕೆಲವು ತಪ್ಪು.

ತೆರೆಯಲು ಒಪ್ಪದ ಪ್ಲಗಿನ್ ಕೆಲಸವನ್ನು ತಡಮಾಡುತ್ತದೆ, ಅಷ್ಟೆ. ತೆರೆದುಕೊಂಡು ತಪ್ಪು ಅಂಕಿ ಕೊಡುವ ಪ್ಲಗಿನ್‌ನಿಂದ ತಯಾರಾದ ಪುಟವನ್ನು, ಅದರಲ್ಲೂ ನೂರು ವರ್ಷಗಳ ಲೆಕ್ಕವನ್ನು ಸದಸ್ಯರ ಮುಂದಿಡುವ ಪುಸ್ತಕದಲ್ಲಿ, ಪ್ರೂಫ್ ಎಂದು ತಮಗೆ ಕಳುಹಿಸಲು ನನಗೆ ಸಾಧ್ಯವಿಲ್ಲ. ಕೋಷ್ಟಕಗಳನ್ನು ಕೈಯಿಂದ ಬೆರಳಚ್ಚು ಮಾಡಿಸಿ ಹಳೆಯ ದಿನಾಂಕಕ್ಕೇ ಅಂಟಿಕೊಳ್ಳಬಹುದೇ ಎಂದು ಯೋಚಿಸಿದೆ. ಹಾಗೆ ಮಾಡಿದರೆ ತಮ್ಮ ಲೆಕ್ಕಿಗರು ಒಂದೊಂದು ಸಂಖ್ಯೆಯನ್ನೂ ಮೂಲದೊಡನೆ ಮತ್ತೆ ತಾಳೆ ನೋಡಬೇಕಾಗುತ್ತದೆ. ನನ್ನ ಮೇಜಿನ ಮೇಲೆ ಉಳಿಸಿದ ಸಮಯ ಅವರ ಮೇಜಿನ ಮೇಲೆ ದುಪ್ಪಟ್ಟಾಗಿ ಹೋಗುತ್ತದೆ. ಅದು ನ್ಯಾಯವೆನಿಸಲಿಲ್ಲ.

ಪ್ಲಗಿನ್ ತಯಾರಕರಿಗೆ ಮಾದರಿ ಪುಟಗಳೊಂದಿಗೆ ದೂರು ಕಳುಹಿಸಿದ್ದೇನೆ. ದೋಷವನ್ನು ಒಪ್ಪಿಕೊಂಡಿದ್ದಾರೆ, ತಿದ್ದುಪಡಿಯ ದಿನಾಂಕವನ್ನು ಹೇಳಿಲ್ಲ. ಅದಕ್ಕಾಗಿ ಕಾಯುತ್ತಾ ಕೂರುವುದಿಲ್ಲ. ತಂತ್ರಾಂಶದ ಹಿಂದಿನ ಆವೃತ್ತಿಯನ್ನು ಇನ್ನೊಂದು ಗಣಕದಲ್ಲಿ ಹಾಕಿ, ಈ ಮೂರೂ ಪ್ಲಗಿನ್‌ಗಳನ್ನು ಸಂಚಿಕೆಯ ಪುಟಗಳ ಮೇಲೆಯೇ ಪರೀಕ್ಷಿಸಿದ್ದೇನೆ. ಅಲ್ಲಿ ಅರ್ಕಾವೊತ್ತುಗಳು ಸ್ಥಾನದಲ್ಲೇ ಇವೆ, 12-7-6 ಎಂಬುದು 12-7-6 ಆಗಿಯೇ ಬರುತ್ತಿದೆ. ಅಪ್‌ಗ್ರೇಡ್‌ಗೆ ಮುಂಚೆ ತೆಗೆದಿಟ್ಟ ಪ್ರತಿಗಳು ಸುರಕ್ಷಿತವಾಗಿರುವುದರಿಂದ ಮಾಡಿದ ಕೆಲಸ ಯಾವುದೂ ಕಳೆದುಹೋಗಿಲ್ಲ. ತಡವಾಗುವುದು ಎರಡು ಕಾರಣಕ್ಕೆ. ಆ ಆವೃತ್ತಿಗೆ ಬಂದ ಮೇಲೆ ಕೋಷ್ಟಕಗಳಿಗೂ ಎಕ್ಸೆಲ್ ಹಾಳೆಗಳಿಗೂ ಇದ್ದ ಕೊಂಡಿ ಕಡಿದುಹೋಗಿದ್ದು, ಪ್ರತಿಯೊಂದನ್ನೂ ಮತ್ತೆ ಜೋಡಿಸಬೇಕು. ಎರಡನೆಯದಾಗಿ, ಸಾಲು ಒಡೆಯುವ ಕ್ರಮ ಆವೃತ್ತಿಯಿಂದ ಆವೃತ್ತಿಗೆ ಸ್ವಲ್ಪ ಬದಲಾಗುವುದರಿಂದ, ತಾವು ಈಗಾಗಲೇ ಒಪ್ಪಿ ಸಹಿ ಮಾಡಿರುವ ಲೇಖನಗಳಲ್ಲೂ ಕೊನೆಯ ಸಾಲು ಮುಂದಿನ ಪುಟಕ್ಕೆ ಜಾರಿರುವ ಸಾಧ್ಯತೆ ಇದೆ. ತಾವು ಒಪ್ಪಿದ ಪಿಡಿಎಫ್ ಅನ್ನು ಪಕ್ಕದಲ್ಲಿಟ್ಟುಕೊಂಡು ಅವನ್ನು ಸಾಲು ಸಾಲಾಗಿ ಹೋಲಿಸುತ್ತಿದ್ದೇನೆ. ಈ ಕೆಲಸದಲ್ಲಿ ಅವಸರ ಮಾಡುವುದಿಲ್ಲ.

ಸಂಚಿಕೆಯ ಒಟ್ಟು 240 ಪುಟಗಳು ಹದಿನಾರು ಪುಟಗಳ ಹದಿನೈದು ಫಾರ್ಮ್‌ಗಳಾಗುತ್ತವೆ. ಇವುಗಳಲ್ಲಿ ಬಣ್ಣದ ಛಾಯಾಚಿತ್ರಗಳ ಎರಡು ಫಾರ್ಮ್‌ಗಳಿಗೆ ಯಾವ ಪ್ಲಗಿನ್‌ನ ಹಂಗೂ ಇಲ್ಲ. ತಾವು ಅವನ್ನು ಅಂತಿಮವೆಂದು ಒಪ್ಪಿರುವುದರಿಂದ 18ರಂದೇ ಮುದ್ರಣಕ್ಕೆ ಕೊಡುತ್ತೇನೆ. ಹಬ್ಬದ ರಜೆಗೆ ಮುಂಚೆ ಪ್ಲೇಟ್ ಮಾಡಿಕೊಳ್ಳಲು ಮುದ್ರಣಾಲಯದವರು ಒಪ್ಪಿದ್ದಾರೆ. ಲೇಖನಗಳ ಎಂಟು ಫಾರ್ಮ್‌ಗಳ ಪ್ರೂಫ್ 16ರಂದು ತಮಗೆ ತಲುಪಿ, ತಿದ್ದುಪಡಿಗಳು 23ರೊಳಗೆ ನನಗೆ ಮರಳಿದರೆ 27ರಂದು ಅವೂ ಹೋಗುತ್ತವೆ. ಕೊನೆಯ ಐದು ಫಾರ್ಮ್‌ಗಳು, ಅಂದರೆ ಕೋಷ್ಟಕಗಳು ಮತ್ತು ಅಕಾರಾದಿ, 24ರಂದು ತಮಗೆ ಬರುತ್ತವೆ. 28ರ ಸಂಜೆಯೊಳಗೆ ಹಿಂತಿರುಗಿದರೆ 30ರಂದು ಮುದ್ರಣಕ್ಕೆ ಒಪ್ಪಿಸುತ್ತೇನೆ. ಬೈಂಡಿಂಗ್ ಮುಗಿಸಿ ನವೆಂಬರ್ 12ರಂದು ಪುಸ್ತಕ ಕೊಡುವುದಾಗಿ ಮುದ್ರಣಾಲಯದವರು ಹೇಳಿದ್ದಾರೆ. ಬಿಡುಗಡೆಗೆ ಮುಂಚೆ ಉಳಿಯುವುದು ಒಂದೇ ದಿನವಾದ್ದರಿಂದ, 28ರ ಗಡುವನ್ನು ಮಾತ್ರ ಸಡಿಲಿಸಲು ನಮ್ಮಿಬ್ಬರಿಗೂ ಆಗದು ಎಂಬುದನ್ನು ವಿನಯದಿಂದಲೇ ಹೇಳಬೇಕಾಗಿದೆ.

ತಮ್ಮಿಂದ ಕೆಲವು ಸಹಾಯ ಬೇಕು. 2024–25ರ ಅಂತಿಮ ಅಂಕಿಗಳಿರುವ ಹಾಳೆಯನ್ನು 13ರೊಳಗೆ ಕಳುಹಿಸಿ, ಆಮೇಲೆ ಎಕ್ಸೆಲ್ ಹಾಳೆಗಳಲ್ಲಿ ಯಾರೂ ಬದಲಾವಣೆ ಮಾಡದಂತೆ ಕಚೇರಿಯಲ್ಲಿ ತಿಳಿಸಿ. ಆಣೆ-ಪೈಗಳ ಹಾಳೆಗಳನ್ನು ತೆರೆದು ಉಳಿಸುವುದೂ ಬೇಡ. ಇನ್ನೂ ಬರಬೇಕಾದ ಎರಡು ಲೇಖನಗಳು ಯುನಿಕೋಡ್‌ನಲ್ಲಿ ಬಂದರೆ ಒಳ್ಳೆಯದು. ಹಿರಿಯರಿಗೆ ಅದು ತೊಡಕಾಗುವುದಾದರೆ ಒತ್ತಾಯ ಬೇಡ, ಅವರ ಫೈಲಿನ ಜೊತೆಗೆ ಒಂದು ಪಿಡಿಎಫ್ ಅಥವಾ ಮುದ್ರಿತ ಪ್ರತಿ ಇದ್ದರೆ ನಾನೇ ಹೋಲಿಸಿಕೊಳ್ಳುತ್ತೇನೆ. ಸೆಪ್ಟೆಂಬರ್‌ನಲ್ಲಿ ಕಳುಹಿಸಿದ ಮಾದರಿ ಪಿಡಿಎಫ್‌ನ ಪುಟಸಂಖ್ಯೆಗಳನ್ನು ಆಮಂತ್ರಣದಲ್ಲಾಗಲಿ ಲೇಖಕರಿಗೆ ಬರೆಯುವ ಪತ್ರಗಳಲ್ಲಾಗಲಿ ದಯವಿಟ್ಟು ಬಳಸಬೇಡಿ, ಅವು ಬದಲಾಗಲಿವೆ.

ಹಣದ ವಿಷಯ. ಈ ದುರಸ್ತಿಗೂ ಮರುಪರಿಶೀಲನೆಗೂ ತಗಲುವ ಸಮಯಕ್ಕೆ, ಎರಡನೆಯ ಗಣಕದ ವೆಚ್ಚಕ್ಕೆ ಸಂಘದಿಂದ ಏನನ್ನೂ ಕೇಳುವುದಿಲ್ಲ. ನನ್ನ ಉಪಕರಣಗಳನ್ನು ನಡೆಸಿಕೊಳ್ಳುವುದು ನನ್ನ ಜವಾಬ್ದಾರಿ. ಮುದ್ರಣಾಲಯದವರೂ ಹೆಚ್ಚುವರಿ ದರ ಹಾಕುವುದಿಲ್ಲ ಎಂದಿದ್ದಾರೆ. ಪೂರ್ಣ ಪ್ರೂಫ್‌ನೊಂದಿಗೆ 10ರಂದು ಬರಬೇಕಿದ್ದ ಎರಡನೆಯ ಕಂತನ್ನು ಕೊನೆಯ ಫಾರ್ಮ್‌ಗಳು ತಮ್ಮ ಕೈಸೇರುವ 24ಕ್ಕೆ ಮುಂದೂಡಿಕೊಳ್ಳಬಹುದು. ಒಪ್ಪಂದದ ಉಳಿದ ಷರತ್ತುಗಳಲ್ಲಿ ಬದಲಾವಣೆ ಇಲ್ಲ.

ಇನ್ನು ಮುಂದೆ, ಸಂಚಿಕೆ ಅಚ್ಚಾಗಿ ಬರುವ ತನಕ, ಆ ಗಣಕದಲ್ಲಿ ಯಾವ ಹೊಸ ಆವೃತ್ತಿಯನ್ನೂ ಹಾಕುವುದಿಲ್ಲ. ಪ್ಲಗಿನ್ ತಯಾರಕರ ತಿದ್ದುಪಡಿ ನಾಳೆಯೇ ಬಂದರೂ ಈ ಕೆಲಸಕ್ಕೆ ಅದನ್ನು ಬಳಸುವುದಿಲ್ಲ.

ಹೊಸ ದಿನಾಂಕಗಳು ಸಮಿತಿಗೆ ಒಪ್ಪಿಗೆಯೇ ಎಂಬುದನ್ನು 9ರ ಗುರುವಾರದೊಳಗೆ ತಿಳಿಸಿದರೆ ಮುದ್ರಣಾಲಯದಲ್ಲಿ ನಮ್ಮ ಸರದಿಯನ್ನು ಖಚಿತಪಡಿಸಿಕೊಳ್ಳುತ್ತೇನೆ. ತಪ್ಪು ಬಂದ ಕೋಷ್ಟಕದ ಪುಟವನ್ನೂ ಹಿಂದಿನ ಆವೃತ್ತಿಯಲ್ಲಿ ಸರಿಯಾಗಿ ಬಂದ ಅದೇ ಪುಟವನ್ನೂ ಲಗತ್ತಿಸಿದ್ದೇನೆ. ತಮ್ಮ ಲೆಕ್ಕಿಗರು ಎರಡನೆಯದನ್ನು ಮೂಲದೊಡನೆ ಒಮ್ಮೆ ತಾಳೆ ನೋಡಿ ತಿಳಿಸಿದರೆ ಉಳಿದ ಕೋಷ್ಟಕಗಳನ್ನು ಅದೇ ಮಾದರಿಯಲ್ಲಿ ಮುಂದುವರಿಸುತ್ತೇನೆ. ಫೋನಿನಲ್ಲಿ ಮಾತನಾಡುವುದು ಅನುಕೂಲವಾದರೆ ಬೆಳಿಗ್ಗೆ ಹತ್ತರ ನಂತರ ಯಾವಾಗ ಬೇಕಾದರೂ ಕರೆ ಮಾಡಬಹುದು.

ಈ ವಿಳಂಬದಿಂದ ಸಮಿತಿಗೆ ಆಗುವ ತೊಂದರೆಗೆ ವಿಷಾದಿಸುತ್ತೇನೆ.

ತಮ್ಮ ವಿಶ್ವಾಸಿ,
ರಾಜೇಶ್ವರಿ
ಪುಸ್ತಕ ಮತ್ತು ಗ್ರಾಫಿಕ್ ವಿನ್ಯಾಸಕಿ, ಶಿವಮೊಗ್ಗ

ಲಗತ್ತು: ಕೋಷ್ಟಕದ ಎರಡು ಮಾದರಿ ಪುಟಗಳು